ಮಗು ಕ್ಲಾಸಿನಲ್ಲೇ ಇದ್ದರೂ 'ಶಾಲೆ ಬಿಟ್ಟಿದೆ' ಎಂಬ ಅಲರ್ಟ್ ಏಕೆ? ಶಾಲೆಯ ಸುತ್ತ ಜಿಯೋಫೆನ್ಸ್ ಹಾಕುವ ಸರಿಯಾದ ಕ್ರಮ

ಪುಣೆಯಲ್ಲಿರುವ ನನ್ನ ಅಕ್ಕನಿಂದ ಒಂದು ಮಂಗಳವಾರ ಬೆಳಗ್ಗೆ 11.40ಕ್ಕೆ ಫೋನ್ ಬಂತು. "ಏ, ಅಂವ ಸಾಲಿ ಬಿಟ್ಟು ಹೊರಗ ಹೋಗ್ಯಾನಂತ ಮೆಸೇಜ್ ಬಂದದ ನೋಡು. ಭಾವ ಮೀಟಿಂಗ್‌ನ್ಯಾಗ ಇದ್ದಾರ, ನಾ ಈಗ ಏನ್ ಮಾಡ್ಲಿ?" ಧ್ವನಿ ನಡುಗುತ್ತಿತ್ತು. ಆರನೇ ಕ್ಲಾಸಿನಲ್ಲಿರುವ ಮಗನ ಬ್ಯಾಗಿನಲ್ಲಿ ಒಂದು ಹಳೆಯ ಆಂಡ್ರಾಯ್ಡ್ ಫೋನ್ ಇಟ್ಟು, ಶಾಲೆಯ ಸುತ್ತ ಜಿಯೋಫೆನ್ಸ್ ಹಾಕಿ ಅವಳಿಗೆ ಆಗ ಎರಡೇ ದಿನ ಆಗಿತ್ತು. ಶಾಲೆಯ ಆಫೀಸಿಗೆ ಫೋನ್ ಮಾಡಿದಾಗ ಗೊತ್ತಾಗಿದ್ದು, ಹುಡುಗ ತನ್ನ ಬೆಂಚಿನಲ್ಲೇ ಕೂತು ಗಣಿತದ ಲೆಕ್ಕ ಮಾಡುತ್ತಿದ್ದ.

ಆ ವಾರ ಅದೇ ಅಲರ್ಟ್ ಹತ್ತಾರು ಬಾರಿ ಬಂತು. 'ಹೋದ', 'ಬಂದ', ಮತ್ತೆ 'ಹೋದ'. ಶುಕ್ರವಾರದ ಹೊತ್ತಿಗೆ ಅಕ್ಕ ಆ ಆ್ಯಪ್‌ನ ನೋಟಿಫಿಕೇಶನ್ ಮ್ಯೂಟ್ ಮಾಡಿಬಿಟ್ಟಿದ್ದಳು. ನಿಜವಾದ ಅಪಾಯ ಇರುವುದು ಇಲ್ಲಿಯೇ. ಮ್ಯೂಟ್ ಮಾಡಿದ ಮೇಲೆ ನಿಜವಾಗಿ ಏನಾದರೂ ಆದ ದಿನವೂ ಆ ಫೋನ್ ಸುಮ್ಮನೇ ಇರುತ್ತದೆ. ಶನಿವಾರ ನಾನು ಮುಂಬೈನಿಂದ ಪುಣೆಗೆ ಹೋದಾಗ ಇಬ್ಬರೂ ಕೂತು ಬೇಲಿಯನ್ನು ಮೊದಲಿನಿಂದ ಹಾಕಿದೆವು. ತಪ್ಪು ಎಲ್ಲಿತ್ತು, ಹೇಗೆ ಸರಿ ಮಾಡಿದೆವು ಎಂಬುದನ್ನು ಇಲ್ಲಿ ಹೇಳುತ್ತೇನೆ. ಊರು ಯಾವುದಾದರೂ ಲೆಕ್ಕ ಇದೇ.

ಬೇಲಿ ಎಂದರೆ ಬರೀ ಒಂದು ವೃತ್ತ

ಜಿಯೋಫೆನ್ಸ್ ಎಂದರೆ ನಕ್ಷೆಯ ಮೇಲೆ ಹಾಕುವ ಕಾಣದ ಬೇಲಿ. ಫೋನ್ ಆ ಬೇಲಿಯ ಒಳಗೆ ಬಂದರೆ ಒಂದು ಅಲರ್ಟ್, ಹೊರಗೆ ಹೋದರೆ ಇನ್ನೊಂದು. ಫೋನಿನ ಕಡತದಲ್ಲಿ ಈ ಬೇಲಿಗಿರುವುದು ಮೂರೇ ಅಂಕಿ: ಮಧ್ಯಬಿಂದುವಿನ ಅಕ್ಷಾಂಶ, ರೇಖಾಂಶ ಮತ್ತು ಮೀಟರ್ ಲೆಕ್ಕದಲ್ಲಿ ತ್ರಿಜ್ಯ. ಆಂಡ್ರಾಯ್ಡ್ ಫೋನಿನೊಳಗಿನ ಜಿಯೋಫೆನ್ಸ್ ವ್ಯವಸ್ಥೆಗೆ ಗೊತ್ತಿರುವುದು ವೃತ್ತ ಮಾತ್ರ. ಶಾಲೆಯ ಕಾಂಪೌಂಡ್ ಚೌಕವಾಗಿರಲಿ, ಉದ್ದವಾಗಿರಲಿ, ನಾವು ಅದನ್ನು ಒಂದು ವೃತ್ತದೊಳಗೆ ಕೂರಿಸಬೇಕು.

ಇನ್ನೊಂದು ಕಡೆ, ತಾನು ಎಲ್ಲಿದ್ದೇನೆ ಎಂಬುದು ಫೋನಿಗೂ ನಿಖರವಾಗಿ ಗೊತ್ತಿರುವುದಿಲ್ಲ. ಬಯಲಿನಲ್ಲಿ ಜಿಪಿಎಸ್ ಚೆನ್ನಾಗಿ ಸಿಗುತ್ತದೆ. ಆದರೆ ಕಾಂಕ್ರೀಟ್ ಕಟ್ಟಡದೊಳಗೆ, ಬೆಂಚಿನ ಕೆಳಗೆ, ಬ್ಯಾಗಿನ ತಳದಲ್ಲಿ ಬಿದ್ದಿರುವ ಫೋನಿಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ತಲುಪುವುದಿಲ್ಲ. ಬ್ಯಾಟರಿ ಉಳಿಸಲು ಫೋನ್ ತಾನಾಗಿಯೂ ಜಿಪಿಎಸ್ ಅನ್ನು ಸದಾ ಆನ್ ಇಡುವುದಿಲ್ಲ. ಆಗ ಅದು ಸುತ್ತಮುತ್ತ ಯಾವ ವೈಫೈ ಕಾಣುತ್ತಿದೆ, ಯಾವ ಮೊಬೈಲ್ ಟವರ್ ಹತ್ತಿರವಿದೆ ಎಂದು ನೋಡಿ ಅಂದಾಜು ಮಾಡುತ್ತದೆ. ವೈಫೈ ಕಾಣುತ್ತಿದ್ದರೆ ಈ ಅಂದಾಜು ಸಾಮಾನ್ಯವಾಗಿ 20ರಿಂದ 50 ಮೀಟರ್ ಆಚೀಚೆ ಇರುತ್ತದೆ ಎನ್ನುತ್ತದೆ ಆಂಡ್ರಾಯ್ಡ್ ಡೆವಲಪರ್‌ಗಳಿಗಾಗಿ ಗೂಗಲ್ ಕೊಟ್ಟಿರುವ ಮಾರ್ಗಸೂಚಿ. ವೈಫೈ ಇಲ್ಲದ ಕಡೆ ಇದು ಕೆಲವು ನೂರು ಮೀಟರ್‌ಗೂ, ಹಳ್ಳಿಗಾಡಿನಲ್ಲಿ ಕಿಲೋಮೀಟರ್‌ಗಳಿಗೂ ಹೋಗಬಹುದು. ಬೇಲಿಯ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇರಲಿ ಎಂದು ಅದೇ ಮಾರ್ಗಸೂಚಿ ಹೇಳುವುದು ಇದೇ ಕಾರಣಕ್ಕೆ.

ಅಂದರೆ ಮಗು ಬೆಂಚಿನಿಂದ ಏಳದಿದ್ದರೂ ಫೋನಿನ ಲೆಕ್ಕದಲ್ಲಿ ಅದರ ಜಾಗ ಆಚೀಚೆ ಜಿಗಿಯುತ್ತಲೇ ಇರುತ್ತದೆ. ಬೇಲಿಯ ಗೆರೆ ಕ್ಲಾಸ್‌ರೂಮಿನ ಹತ್ತಿರ ಹಾದುಹೋಗಿದ್ದರೆ ಒಂದೊಂದು ಜಿಗಿತಕ್ಕೂ ಒಂದೊಂದು ಅಲರ್ಟ್.

ಅಕ್ಕನ ಬೇಲಿಯಲ್ಲಿ ತಪ್ಪಿದ್ದು ಎಲ್ಲಿ?

ಅಕ್ಕ ಆ್ಯಪ್‌ನಲ್ಲಿ ಶಾಲೆಯ ಹೆಸರು ಹುಡುಕಿ, ಬಂದ ಪಿನ್ ಅನ್ನೇ ಒಪ್ಪಿಕೊಂಡು, ತ್ರಿಜ್ಯವನ್ನು 100 ಮೀಟರ್‌ಗೆ ಇಟ್ಟಿದ್ದಳು. ಎಷ್ಟು ಬಿಗಿಯಾಗಿದ್ದರೆ ಅಷ್ಟು ಸುರಕ್ಷಿತ ಎಂಬುದು ಅವಳ ಯೋಚನೆ. ನಾವೆಲ್ಲ ಹಾಗೇ ಯೋಚಿಸುತ್ತೇವೆ.

ಉಪಗ್ರಹ ಚಿತ್ರ ತೆರೆದು ನೋಡಿದಾಗ ಆ ಪಿನ್ ಶಾಲೆಯ ನಡುವೆ ಇರಲಿಲ್ಲ, ರಸ್ತೆಗೆ ಅಂಟಿಕೊಂಡ ಮೇನ್ ಗೇಟಿನ ಮೇಲಿತ್ತು. ನಕ್ಷೆಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಪಿನ್ ಇರುವುದು ಜನರಿಗೆ ದಾರಿ ತೋರಿಸುವುದಕ್ಕೆ. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಜಾಗವನ್ನು ಒತ್ತಿ ಹಿಡಿದರೆ ಬರುವ 'Measure distance' ಆಯ್ಕೆಯಿಂದ ನಾವು ಅಳೆಯತೊಡಗಿದೆವು. ಕಾಂಪೌಂಡ್ ಪೂರ್ವ-ಪಶ್ಚಿಮವಾಗಿ ಸುಮಾರು 180 ಮೀಟರ್, ಉತ್ತರ-ದಕ್ಷಿಣವಾಗಿ 120 ಮೀಟರ್. ಗೇಟ್ ಇರುವುದು ದಕ್ಷಿಣದ ಗೋಡೆಯ ನಡುವೆ. ಹುಡುಗನ ಕ್ಲಾಸ್ ಇರುವ ಕಟ್ಟಡ ಗೇಟಿನಿಂದ 95 ಮೀಟರ್ ಉತ್ತರಕ್ಕೆ, 40 ಮೀಟರ್ ಪೂರ್ವಕ್ಕೆ. ನೇರ ಗೆರೆಯಲ್ಲಿ ಅಳೆದರೆ 103 ಮೀಟರ್.

ಬೇಲಿಯ ತ್ರಿಜ್ಯ 100. ಅಂದರೆ ಕ್ಲಾಸ್‌ರೂಮ್ ಬೇಲಿಯಿಂದ ಮೂರು ಮೀಟರ್ ಹೊರಗೇ ಇತ್ತು! ಬೆಳಗ್ಗೆ ಗೇಟ್ ದಾಟುವಾಗ 'ಬಂದ' ಎಂದ ಫೋನ್, ಕ್ಲಾಸಿಗೆ ಹೋಗಿ ಕೂತ ಮೇಲೆ ದಿನವಿಡೀ ಗೆರೆಯ ಮೇಲೆ ತೂಗಾಡುತ್ತಿತ್ತು. ಆ್ಯಪ್ ಸುಳ್ಳು ಹೇಳಿರಲಿಲ್ಲ, ನಾವು ಹೇಳಿದ ಕೆಲಸವನ್ನೇ ಮಾಡುತ್ತಿತ್ತು.

ಆದ್ದರಿಂದ ಮೊದಲು ನೋಡಬೇಕಾದದ್ದು ಮಗು ದಿನದ ಹೆಚ್ಚು ಹೊತ್ತು ಕೂರುವ ಜಾಗ ಯಾವುದು ಎಂದು. ಆ ಜಾಗದಿಂದ ಬೇಲಿಯ ಗೆರೆ ಎಲ್ಲ ದಿಕ್ಕಿನಲ್ಲೂ ಕನಿಷ್ಠ 80-100 ಮೀಟರ್ ದೂರ ಇರುವಂತೆ ನೋಡಿಕೊಳ್ಳಿ. ಇದು ನಾನು ಇಟ್ಟುಕೊಂಡ ಅಳತೆ. ವೈಫೈ ಅಂದಾಜಿನ 50 ಮೀಟರ್ ತಪ್ಪು ಅದರಲ್ಲಿ ಅಡಗಿಹೋಗುತ್ತದೆ, ಮೇಲೆ ಇನ್ನೂ ಸ್ವಲ್ಪ ಉಳಿಯುತ್ತದೆ.

ದೊಡ್ಡದು ಮಾಡಿದರೆ ಮುಗಿಯಿತೇ?

ಇಲ್ಲ. ನಮ್ಮ ಮೊದಲ ಯೋಚನೆಯೂ ಅದೇ ಆಗಿತ್ತು. ಪಿನ್ ಅನ್ನು ಕಾಂಪೌಂಡಿನ ನಟ್ಟನಡುವೆ ತಂದು ತ್ರಿಜ್ಯವನ್ನು 150 ಮೀಟರ್ ಮಾಡಿದೆವು. ಕ್ಲಾಸ್‌ರೂಮ್ ನಡುವಿನಿಂದ 53 ಮೀಟರ್ ಮಾತ್ರ ದೂರವಾಯಿತು, ಹಾಗಾಗಿ ಅದು ಗೆರೆಯಿಂದ ಆರಾಮವಾಗಿ ಒಳಗಿತ್ತು. ಕಾಂಪೌಂಡಿನ ನಾಲ್ಕೂ ಮೂಲೆಗಳೂ ಒಳಗೆ ಬಂದವು. ನಾನು ಸಮಾಧಾನದಿಂದ ಟೀ ಕಪ್ ಎತ್ತಿಕೊಂಡೆ.

ಆಗ ಅಕ್ಕ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದಳು, "ಹಂಗಾರ ಟ್ಯೂಶನ್?" ಶಾಲೆ ಬಿಟ್ಟ ಮೇಲೆ ಹುಡುಗ ರಸ್ತೆ ದಾಟಿ ಎದುರಿನ ಗಲ್ಲಿಯ ಟ್ಯೂಶನ್‌ಗೆ ಹೋಗುತ್ತಾನೆ. ಅದು ಗೇಟಿನಿಂದ ನೇರ ದಕ್ಷಿಣಕ್ಕೆ 80 ಮೀಟರ್, ಅಂದರೆ ಕಾಂಪೌಂಡಿನ ನಡುವಿನಿಂದ 140 ಮೀಟರ್. 150 ಮೀಟರ್ ಬೇಲಿ ಹಾಕಿದರೆ ಟ್ಯೂಶನ್ ಕೂಡ 'ಶಾಲೆ'ಯೇ ಆಗಿಬಿಡುತ್ತದೆ. ಅವನು ಶಾಲೆ ಬಿಟ್ಟು ಆ ವಾಹನ ದಟ್ಟಣೆಯ ರಸ್ತೆ ದಾಟಿದ್ದಾನೆಂದು ಹೇಳಬೇಕಾದ ಅಲರ್ಟ್ ಬರುವುದೇ ಇಲ್ಲ. ಅಕ್ಕ ಇಷ್ಟೆಲ್ಲ ಮಾಡಿದ್ದೇ ಆ ರಸ್ತೆಗಾಗಿ.

ಚಿಕ್ಕ ಬೇಲಿ ಸುಳ್ಳು ಅಲರ್ಟ್ ಕೊಡುತ್ತದೆ, ದೊಡ್ಡ ಬೇಲಿ ನಿಜವಾದ ಅಲರ್ಟ್ ನುಂಗುತ್ತದೆ. ಇದಕ್ಕೆ ಒಂದು ಸರಳ ಉಪಾಯವಿದೆ. ಬೇಲಿಯ ಮಧ್ಯಬಿಂದು ಶಾಲೆಯ ಮಧ್ಯದಲ್ಲೇ ಇರಬೇಕು ಎಂಬ ನಿಯಮವಿಲ್ಲ. ಶಾಲೆಯ ಯಾವ ಬದಿಯಲ್ಲಿ ಮಗು ಹೋಗುವಂಥ ಜಾಗ ಏನೂ ಇಲ್ಲವೋ ಆ ಬದಿಗೆ ಬಿಂದುವನ್ನು ಸರಿಸಿ, ಬಳಿಕ ತ್ರಿಜ್ಯ ಹೆಚ್ಚಿಸಿ. ಖಾಲಿ ಬದಿಯಲ್ಲಿ ಬೇಲಿ ಎಷ್ಟು ಚಾಚಿಕೊಂಡರೂ ನಷ್ಟವಿಲ್ಲ, ರಸ್ತೆಯ ಬದಿಯಲ್ಲಿ ಮಾತ್ರ ಗೆರೆ ನಮಗೆ ಬೇಕಾದಲ್ಲಿ ನಿಲ್ಲುತ್ತದೆ.

ಈ ಶಾಲೆಯ ಉತ್ತರಕ್ಕೆ ಗುಡ್ಡ. ಆ ಕಡೆ ಗೇಟೂ ಇಲ್ಲ, ದಾರಿಯೂ ಇಲ್ಲ. ಬಿಂದುವನ್ನು ಕಾಂಪೌಂಡಿನ ನಡುವಿನಿಂದ 100 ಮೀಟರ್ ಉತ್ತರಕ್ಕೆ, ಗುಡ್ಡದ ಮೇಲಕ್ಕೆ ಸರಿಸಿ ತ್ರಿಜ್ಯವನ್ನು 200 ಮೀಟರ್ ಮಾಡಿದೆವು. ಈಗ ಲೆಕ್ಕ ನೋಡಿ. ಹೊಸ ಬಿಂದುವಿನಿಂದ ಕ್ಲಾಸ್‌ರೂಮ್ ಸುಮಾರು 76 ಮೀಟರ್, ಅಂದರೆ ಗೆರೆಯಿಂದ 124 ಮೀಟರ್ ಒಳಗೆ. ಗೇಟ್ 160 ಮೀಟರ್, ಗೆರೆಯಿಂದ 40 ಮೀಟರ್ ಒಳಗೆ. ಟ್ಯೂಶನ್ 240 ಮೀಟರ್, ಗೆರೆಯಿಂದ 40 ಮೀಟರ್ ಹೊರಗೆ. ದಕ್ಷಿಣದ ಎರಡು ಮೂಲೆಗಳು ಮಾತ್ರ ಗೆರೆಯಿಂದ 16 ಮೀಟರ್ ಒಳಗಿವೆ. ಆದರೆ ಅಲ್ಲಿರುವುದು ಸ್ಟಾಫ್ ಪಾರ್ಕಿಂಗ್ ಮತ್ತು ನೀರಿನ ಟ್ಯಾಂಕ್, ಯಾವ ಮಗುವೂ ಅಲ್ಲಿ ಗಂಟೆಗಟ್ಟಲೆ ಕೂರುವುದಿಲ್ಲ.

ಟ್ಯೂಶನ್ ಬದಿಯ 40 ಮೀಟರ್ ಸ್ವಲ್ಪ ಕಡಿಮೆಯೇ. ಅಲ್ಲಿ ಕೂತಿರುವಾಗ ಯಾವಾಗಲೋ ಒಮ್ಮೆ 'ಶಾಲೆಗೆ ಬಂದ' ಎಂಬ ಸುಳ್ಳು ಅಲರ್ಟ್ ಬರಬಹುದು. ಸಂಜೆ ಅಂಥದ್ದೊಂದು ಬಂದರೆ ಅಕ್ಕ ನಗುತ್ತಾಳೆ. ಬೆಳಗ್ಗೆ 11.40ಕ್ಕೆ 'ಹೋದ' ಎಂದು ಬಂದರೆ ಆಫೀಸಿನಿಂದ ಓಡುತ್ತಾಳೆ. ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಬೇಕಾದಾಗ ನಾವು ಮೊದಲನೆಯದನ್ನು ಆರಿಸಿದೆವು.

ಬಿಂದುವನ್ನು ಬೆರಳಿನಿಂದ ಎಳೆಯಲು ಕೆಲವು ಆ್ಯಪ್‌ಗಳು ಬಿಡುತ್ತವೆ, ಕೆಲವು ಅಂಕಿಗಳನ್ನು ಕೇಳುತ್ತವೆ. ಅಂಕಿ ಕೇಳಿದರೂ ಕಷ್ಟವಿಲ್ಲ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, ಹಾಗಾಗಿ 0.0009 ಡಿಗ್ರಿ ಎಂದರೆ ಹೆಚ್ಚುಕಡಿಮೆ 100 ಮೀಟರ್. ನಡುವಿನ ಅಕ್ಷಾಂಶ 18.5123 ಎಂದಿದ್ದರೆ 100 ಮೀಟರ್ ಉತ್ತರಕ್ಕೆ ಹೋಗಲು ಅದನ್ನು 18.5132 ಎಂದು ಬರೆಯಿರಿ, ರೇಖಾಂಶವನ್ನು ಮುಟ್ಟಬೇಡಿ. ತ್ರಿಜ್ಯ ಬದಲಿಸಲು ಬಿಡದ ಆ್ಯಪ್‌ಗಳೂ ಇವೆ. ಶಾಲೆಯ ಎದುರೇ ಟ್ಯೂಶನ್, ಅಂಗಡಿ, ಬಸ್ ಸ್ಟಾಪ್ ಇರುವವರಿಗೆ ಅಂಥ ಆ್ಯಪ್ ಉಪಯೋಗವಿಲ್ಲ.

ಫೋನಿನಲ್ಲಿ ಬದಲಿಸಬೇಕಾದ ಸೆಟ್ಟಿಂಗ್

ಬೇಲಿ ಸರಿಯಾಗಿದ್ದರೂ ಫೋನ್ ಅದನ್ನು ಗಮನಿಸುತ್ತಿರಬೇಕು. ಇವೆಲ್ಲ ಮಗುವಿನ ಫೋನಿನಲ್ಲಿ ಮಾಡಬೇಕಾದವು, ನಿಮ್ಮ ಫೋನಿನಲ್ಲಲ್ಲ. ಆ್ಯಪ್‌ನ ಲೊಕೇಶನ್ ಪರ್ಮಿಶನ್‌ಗೆ ಹೋಗಿ 'Allow all the time' ಆರಿಸಿ, ಕೆಳಗಿನ 'Use precise location' ಆನ್ ಇಡಿ. ಅಕ್ಕನ ಮಗನ ಫೋನಿನಲ್ಲಿ 'Allow only while using the app' ಎಂದಿತ್ತು. ಬ್ಯಾಗಿನೊಳಗಿರುವ ಫೋನಿನಲ್ಲಿ ಆ್ಯಪ್ ಯಾರು ತೆರೆದಿಡುತ್ತಾರೆ? ಬಳಿಕ ಅದೇ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ 'Unrestricted' ಆರಿಸಿ. ಕೆಲವು ಕಂಪನಿಗಳ ಫೋನ್‌ಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ.

ಲೊಕೇಶನ್ ಸೆಟ್ಟಿಂಗ್‌ನಲ್ಲಿ 'Wi-Fi scanning' ಕೂಡ ಆನ್ ಇರಲಿ. ಶಾಲೆಯ ವೈಫೈಗೆ ಫೋನ್ ಕನೆಕ್ಟ್ ಆಗಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಅಕ್ಕಪಕ್ಕದ ವೈಫೈಗಳು ಕಾಣಿಸಿದರೆ ಸಾಕು, ಅಂದಾಜು ಹತ್ತಿರಕ್ಕೆ ಬರುತ್ತದೆ. ಇದನ್ನು ಆಫ್ ಮಾಡಿದರೆ ಬರೀ ಟವರ್ ನಂಬಿ ಕೂರಬೇಕು, ಆಗ 200 ಮೀಟರ್ ಬೇಲಿಯೂ ಸಾಲದು.

ಆ್ಯಪ್‌ನಲ್ಲಿ 'ಇಷ್ಟು ನಿಮಿಷ ಒಳಗಿದ್ದರೆ ಮಾತ್ರ ತಿಳಿಸು' ಎಂಬಂಥ ಆಯ್ಕೆ ಇದ್ದರೆ ಅದನ್ನು ಬಳಸಿ. ಎರಡು ಮೂರು ನಿಮಿಷ ಇಟ್ಟರೂ ಸಾಕು, ಶಾಲೆಯ ಮುಂದಿನ ರಸ್ತೆಯಲ್ಲಿ ಸುಮ್ಮನೆ ಹಾದುಹೋದಾಗ ಬರುವ ಅಲರ್ಟ್‌ಗಳು ನಿಲ್ಲುತ್ತವೆ.

ಅಲರ್ಟ್ ತಡವಾಗಿಯೇ ಬರುತ್ತದೆ

ಗೇಟ್ ದಾಟಿದ ಕ್ಷಣಕ್ಕೆ ಮೆಸೇಜ್ ಬರಬೇಕೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ಹಾಗಾಗುವುದಿಲ್ಲ. ಗೂಗಲ್‌ನ ಮಾರ್ಗಸೂಚಿಯ ಪ್ರಕಾರವೇ ಹಿನ್ನೆಲೆಯಲ್ಲಿ ಕೆಲಸ ಮಾಡುವ ಆ್ಯಪ್‌ಗಳಿಗೆ ಸರಾಸರಿ ಎರಡು ಮೂರು ನಿಮಿಷ ತಡವಾಗುತ್ತದೆ. ಫೋನ್ ಬಹಳ ಹೊತ್ತು ಅಲುಗಾಡದೆ ಬಿದ್ದಿದ್ದರೆ ಇದು ಆರು ನಿಮಿಷದವರೆಗೂ ಹೋಗಬಹುದು. ಶಾಲೆಯ ಬ್ಯಾಗಿನಲ್ಲಿರುವ ಫೋನ್ ಗಂಟೆಗಟ್ಟಲೆ ಅಲುಗಾಡದೆ ಬಿದ್ದಿರುವಂಥದ್ದೇ. ಐಫೋನ್ ಕೂಡ ಗೆರೆ ದಾಟಿದ ಕೂಡಲೇ ಹೇಳುವುದಿಲ್ಲ. ಗೆರೆಯಿಂದ ಸ್ವಲ್ಪ ದೂರ ಸರಿದು, ಕನಿಷ್ಠ 20 ಸೆಕೆಂಡ್ ಅಲ್ಲಿ ಉಳಿದ ಮೇಲಷ್ಟೇ ತಿಳಿಸುತ್ತದೆ.

ಆದ್ದರಿಂದ ಬೆಳಗ್ಗೆಯ 'ಬಂದ' ಬೇಗ ಬರುತ್ತದೆ, ಏಕೆಂದರೆ ಫೋನ್ ಆಗ ಚಲಿಸುತ್ತಿರುತ್ತದೆ. ಮಧ್ಯಾಹ್ನದ 'ಹೋದ' ತಡವಾಗುತ್ತದೆ. ಆರು ನಿಮಿಷದಲ್ಲಿ ನಡೆಯುವ ಮಗು 400 ಮೀಟರ್ ದೂರ ಹೋಗಿರಬಹುದು, ಗಂಟೆಗೆ 30 ಕಿಲೋಮೀಟರ್ ವೇಗದ ವ್ಯಾನಿನಲ್ಲಿದ್ದರೆ ಮೂರು ಕಿಲೋಮೀಟರ್. 'ಹೋದ' ಎಂಬ ಮೆಸೇಜ್ ನೋಡಿ ಗೇಟಿನ ಹತ್ತಿರ ಹುಡುಕಿದರೆ ಮಗು ಅಲ್ಲಿರುವುದಿಲ್ಲ. ಆಗ ಆ್ಯಪ್ ತೆರೆದು ಲೈವ್ ಲೊಕೇಶನ್ ನೋಡಬೇಕು.

ಇದಕ್ಕಿಂತ ಕಷ್ಟದ್ದು ಬಾರದೇ ಹೋದ ಅಲರ್ಟ್. ಡೇಟಾ ಮುಗಿದಿದ್ದರೆ, ಫೋನ್ ಸ್ವಿಚ್ ಆಫ್ ಆಗಿದ್ದರೆ, ಯಾರೋ ಲೊಕೇಶನ್ ಆಫ್ ಮಾಡಿದ್ದರೆ ಯಾವ ಮೆಸೇಜೂ ಬರುವುದಿಲ್ಲ. ಏನೂ ಆಗದ ದಿನವೂ ಯಾವ ಮೆಸೇಜೂ ಬರುವುದಿಲ್ಲ. ಇವೆರಡರ ವ್ಯತ್ಯಾಸ ತಿಳಿಯಲು ಇರುವುದು ಒಂದೇ ದಾರಿ: ನಕ್ಷೆಯ ಮೇಲೆ ಮಗುವಿನ ಹೆಸರಿನ ಕೆಳಗೆ ಕೊನೆಯ ಬಾರಿ ಲೊಕೇಶನ್ ಬಂದ ಸಮಯ ಇರುತ್ತದೆ, ಅದನ್ನು ನೋಡಿ. ಅದು ಬೆಳಗ್ಗೆ 7.50ಕ್ಕೇ ನಿಂತಿದ್ದರೆ ಆಮೇಲಿನ ಮೌನಕ್ಕೆ ಅರ್ಥವಿಲ್ಲ.

ಫೋನ್ ರೀಸ್ಟಾರ್ಟ್ ಆದಾಗಲೂ ಎಚ್ಚರ ಬೇಕು. ಆಂಡ್ರಾಯ್ಡ್‌ನಲ್ಲಿ ಫೋನ್ ಆಫ್ ಆಗಿ ಆನ್ ಆದರೆ ಹಾಕಿದ ಬೇಲಿಗಳು ಅಳಿಸಿಹೋಗುತ್ತವೆ, ಆ್ಯಪ್ ಅವನ್ನು ಮತ್ತೆ ನೋಂದಾಯಿಸಬೇಕು. ಒಳ್ಳೆಯ ಆ್ಯಪ್‌ಗಳು ಇದನ್ನು ತಾವೇ ಮಾಡುತ್ತವೆ. ನಿಮ್ಮದು ಮಾಡುತ್ತದೆಯೇ ಎಂದು ಒಮ್ಮೆ ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ತೆರೆಯದೆ, ಬೇಲಿ ದಾಟಿ ನೋಡಿ.

ನಡೆದು ನೋಡಿದರೇ ಗೊತ್ತಾಗುವುದು

ಭಾನುವಾರ ನಾನು ಮತ್ತು ಅಕ್ಕನ ಮಗ ಆ ಫೋನನ್ನು ಬ್ಯಾಗಿಗೆ ಹಾಕಿ, ಸ್ಕ್ರೀನ್ ಆಫ್ ಮಾಡಿ, ಶಾಲೆಯ ಕಡೆ ನಡೆದೆವು. ಸ್ಕ್ರೀನ್ ಆಫ್ ಇರುವುದು ಮುಖ್ಯ. ನಕ್ಷೆ ತೆರೆದು ಹಿಡಿದುಕೊಂಡು ನಡೆದರೆ ಫೋನ್ ಜಿಪಿಎಸ್ ಆನ್ ಮಾಡಿಕೊಳ್ಳುತ್ತದೆ, ಎಲ್ಲ ಅಲರ್ಟೂ ಟಕ್ಕನೆ ಬಂದು ಪರೀಕ್ಷೆ ಪಾಸಾದಂತೆ ಕಾಣುತ್ತದೆ. ಗೇಟಿನ ಹತ್ತಿರ ಅರ್ಧ ಗಂಟೆ ಫೋನ್ ಅಲುಗಾಡಿಸದೆ ಕೂತೆವು, ಬಳಿಕ ರಸ್ತೆ ದಾಟಿ ಟ್ಯೂಶನ್ ದಾಟಿ ಇನ್ನೂ 150 ಮೀಟರ್ ಮುಂದೆ ಹೋಗಿ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತೆವು. ಗೆರೆಯ ಹತ್ತಿರವೇ ನಿಂತು ಕಾದರೆ ಏನೂ ತಿಳಿಯುವುದಿಲ್ಲ. ಹಾಲು ಕುಡಿದು ಮುಗಿಯುವ ಹೊತ್ತಿಗೆ ಅಕ್ಕನ ಫೋನ್ ಬಂತು, "ಬಂತು ನೋಡು, ಹೋಗ್ಯಾನಂತ!" ಗೆರೆ ದಾಟಿ ನಾಲ್ಕು ನಿಮಿಷ ಆಗಿತ್ತು.

ಸೋಮವಾರದಿಂದ ಅಕ್ಕ ಒಂದು ವಾರ ಡೈರಿಯಲ್ಲಿ ಎರಡು ಸಮಯ ಬರೆದಿಟ್ಟಳು. ಒಂದು ಮಗ ಹೇಳಿದ ಸಮಯ, ಇನ್ನೊಂದು ಅಲರ್ಟ್ ಬಂದ ಸಮಯ. ವ್ಯತ್ಯಾಸ ಎರಡರಿಂದ ಏಳು ನಿಮಿಷ. ಕ್ಲಾಸಿನ ನಡುವೆ ಒಂದೂ ಸುಳ್ಳು ಅಲರ್ಟ್ ಇರಲಿಲ್ಲ. ಅವಳು ಮ್ಯೂಟ್ ತೆಗೆದಳು.

ಫೋನ್ ಬಿಡದ ಶಾಲೆಗಳಲ್ಲಿ

ಅನೇಕ ಶಾಲೆಗಳು ಮಕ್ಕಳಿಗೆ ಫೋನ್ ತರಲು ಬಿಡುವುದಿಲ್ಲ. ಅಂಥ ಕಡೆ ಪೋಷಕರು ನೆಚ್ಚುವುದು ಸಿಮ್ ಇರುವ ಜಿಪಿಎಸ್ ವಾಚ್ ಅಥವಾ ಶಾಲಾ ಬಸ್ಸಿನಲ್ಲಿರುವ ಟ್ರ್ಯಾಕರ್. ಸಾಮಾನ್ಯವಾಗಿ ಇವು ಬೇಲಿಯನ್ನು ತಾವೇ ಗಮನಿಸುವುದಿಲ್ಲ. ಇಷ್ಟಿಷ್ಟು ಹೊತ್ತಿಗೊಮ್ಮೆ ತಾವಿರುವ ಜಾಗವನ್ನು ಸರ್ವರ್‌ಗೆ ಕಳಿಸುತ್ತವೆ, ಒಳಗೋ ಹೊರಗೋ ಎಂದು ತೀರ್ಮಾನಿಸುವುದು ಸರ್ವರ್. ಹಾಗಾಗಿ ಇಲ್ಲಿ ತ್ರಿಜ್ಯದಷ್ಟೇ ಮುಖ್ಯವಾದದ್ದು ಈ ಅವಧಿ. ವಾಚ್ ಹತ್ತು ನಿಮಿಷಕ್ಕೊಮ್ಮೆ ಜಾಗ ಕಳಿಸುತ್ತಿದ್ದರೆ ಅಲರ್ಟ್ ಕೂಡ ಹತ್ತು ನಿಮಿಷ ತಡವಾಗಬಹುದು. ಅವಧಿಯನ್ನು ಒಂದು ನಿಮಿಷಕ್ಕೆ ಇಳಿಸಿದರೆ ವಾಚಿನ ಬ್ಯಾಟರಿ ಸಂಜೆಯವರೆಗೆ ಬರದಿರಬಹುದು. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಮಾತ್ರ ಅವಧಿ ಕಡಿಮೆ ಮಾಡುವ ಸೌಲಭ್ಯ ಇದೆಯೇ ಎಂದು ಕೊಳ್ಳುವ ಮುನ್ನ ಕೇಳಿ.

ಬಸ್ಸಿನ ಟ್ರ್ಯಾಕರ್ ಬಸ್ ಎಲ್ಲಿದೆ ಎಂದಷ್ಟೇ ಹೇಳುತ್ತದೆ. 'ಬಸ್ ಶಾಲೆ ತಲುಪಿದೆ' ಎಂಬ ಮೆಸೇಜಿನಲ್ಲಿ ಮಗು ಬಸ್ ಹತ್ತಿತ್ತೇ, ಇಳಿಯಿತೇ ಎಂಬುದು ಇರುವುದಿಲ್ಲ. ಅದಕ್ಕೆ ಬಸ್ಸಿನ ಅಟೆಂಡರ್ ಹಾಜರಿ ಹಾಕಲೇಬೇಕು.

ಇನ್ನು ಈ ಮಾಹಿತಿ ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳು ಎಂದು ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ, ಕಂಪನಿಗಳು ಮಕ್ಕಳನ್ನು ಟ್ರ್ಯಾಕ್ ಮಾಡುವುದಕ್ಕೂ ಕಡಿವಾಣ ಹಾಕುತ್ತದೆ. ಶಾಲೆ ಮತ್ತು ಶಾಲಾ ವಾಹನಗಳ ಸುರಕ್ಷತೆಗೆ ನಿಯಮಗಳಲ್ಲಿ ವಿನಾಯಿತಿ ಇದೆ. ಆದರೆ ಯಾವುದೋ ಹೆಸರು ಕೇಳದ ಉಚಿತ ಆ್ಯಪ್‌ಗೆ ಮಗುವಿನ ದಿನಚರಿ ಒಪ್ಪಿಸುವ ಮುನ್ನ, ಲೊಕೇಶನ್ ಹಿಸ್ಟರಿ ಅಳಿಸುವ ಬಟನ್ ಅದರಲ್ಲಿದೆಯೇ ನೋಡಿ.

ಹೊಸ ಬೇಲಿ ಹಾಕಿ ಎರಡು ವಾರವಾದ ಮೇಲೆ ಒಂದು ದಿನ ಅಕ್ಕನಿಗೆ 'ಬಂದ' ಎಂಬ ಮೆಸೇಜ್ ಬರಲಿಲ್ಲ. ಈ ಬಾರಿ ಅವಳು ನನಗೆ ಫೋನ್ ಮಾಡಲಿಲ್ಲ. ಆ್ಯಪ್ ತೆರೆದು ನೋಡಿದರೆ ಕೊನೆಯ ಸಮಯ ರಾತ್ರಿ 10.15 ಎಂದಿತ್ತು. ಮಗನ ಕೋಣೆಗೆ ಹೋಗಿ ನೋಡಿದಳು, ಫೋನ್ ಚಾರ್ಜ್ ಇಲ್ಲದೆ ಆಫ್ ಆಗಿ ಹಾಸಿಗೆಯ ಕೆಳಗೆ ಬಿದ್ದಿತ್ತು.